ಗಂಡ-ಹೆಂಡತಿ ನಡುವಿನ ಫೋನ್ ಪಾಸ್‌ವರ್ಡ್: ಕೋರ್ಟ್‌ಗಳು ಹೇಳಿದ್ದೇನು, ಹೇಳದೇ ಇದ್ದಿದ್ದೇನು?

‘ಹೆಂಡತಿಯ ಫೋನ್ ರೆಕಾರ್ಡ್ ಮಾಡಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿದೆ’ ಎಂಬ ಮಾತು 2025ರ ಜುಲೈನಿಂದ ಓಡಾಡ್ತಿದೆ. ಕೋರ್ಟ್ ಹಾಗೆ ಹೇಳಿಲ್ಲ.

ಪ್ರಕರಣ ಏನು?

ಪಂಜಾಬಿನ ಬಠಿಂಡಾದ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನ ಕೋರಿದ್ದ ಗಂಡ, ಹೆಂಡತಿ ತನ್ನ ಜೊತೆ ಆಡಿದ ಮಾತುಗಳನ್ನು ಅವಳಿಗೆ ತಿಳಿಯದಂತೆ ರೆಕಾರ್ಡ್ ಮಾಡಿಕೊಂಡಿದ್ದ. ಅದನ್ನೇ ಸಾಕ್ಷ್ಯವಾಗಿ ಕೊಡಲು ಹೊರಟ. ಕೆಳ ನ್ಯಾಯಾಲಯ ಒಪ್ಪಿತು. ಇದು ಹೆಂಡತಿಯ ಖಾಸಗಿತನದ ಉಲ್ಲಂಘನೆ ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2021ರಲ್ಲಿ ಆ ಆದೇಶವನ್ನು ರದ್ದು ಮಾಡಿತು. 2025ರ ಜುಲೈ 14ರಂದು ನ್ಯಾ. ಬಿ.ವಿ. ನಾಗರತ್ನ ಮತ್ತು ನ್ಯಾ. ಸತೀಶ್ ಚಂದ್ರ ಶರ್ಮಾ ಅವರ ಪೀಠ ಹೈಕೋರ್ಟ್ ತೀರ್ಪನ್ನು ತಳ್ಳಿಹಾಕಿತು.

ಕಾರಣ ಸಾಕ್ಷ್ಯ ಕಾಯ್ದೆಯ 122ನೇ ಸೆಕ್ಷನ್. ದಂಪತಿ ಪರಸ್ಪರ ಆಡಿದ ಮಾತನ್ನು ಕೋರ್ಟಿನಲ್ಲಿ ಬಹಿರಂಗಪಡಿಸಬಾರದು ಎನ್ನುತ್ತಿದ್ದ ಈ ಸೆಕ್ಷನ್, ಅವರಿಬ್ಬರ ನಡುವೆಯೇ ದಾವೆ ಇದ್ದಾಗ ವಿನಾಯಿತಿ ಕೊಡುತ್ತಿತ್ತು. ಸಂಗಾತಿಗಳು ಒಬ್ಬರ ಮೇಲೊಬ್ಬರು ಗೂಢಚಾರಿಕೆ ಮಾಡುವ ಹಂತಕ್ಕೆ ಬಂದಿದ್ದರೆ, ಅದೇ ಸಂಬಂಧ ಮುರಿದಿರುವ ಲಕ್ಷಣ ಎಂದೂ ಪೀಠ ಹೇಳಿತು.

ಹಾಗಾದ್ರೆ ಫೋನ್ ತೆರೆದು ನೋಡಬಹುದಾ?

ಇಲ್ಲೇ ಗೊಂದಲ. ‘ಸಾಕ್ಷ್ಯ ಸ್ವೀಕರಿಸಬಹುದೇ’ ಅನ್ನೋದು ಒಂದು ಪ್ರಶ್ನೆ, ‘ಹಾಗೆ ಮಾಡುವ ಹಕ್ಕು ಇದೆಯೇ’ ಅನ್ನೋದು ಇನ್ನೊಂದು. ತೀರ್ಪು ಉತ್ತರಿಸಿದ್ದು ಮೊದಲನೆಯದಕ್ಕೆ. ಅಲ್ಲದೆ, ಬಠಿಂಡಾದ ಗಂಡ ರೆಕಾರ್ಡ್ ಮಾಡಿದ್ದು ತಾನೇ ಪಾಲ್ಗೊಂಡ ಸಂಭಾಷಣೆಯನ್ನು. ಹೆಂಡತಿ ತನ್ನ ಗೆಳತಿಗೋ ತಾಯಿಗೋ ಬರೆದ ಮೆಸೇಜ್ ಓದುವುದು ಬೇರೆ ವಿಷಯ; ಅಲ್ಲಿ ಆ ಮೂರನೆಯವರ ಖಾಸಗಿತನವೂ ಇದೆ.

ಪಾಸ್‌ವರ್ಡ್ ಕೊಡು ಎಂದು ಒತ್ತಾಯಿಸುವಂತಿಲ್ಲ. ಅದೇ ಜುಲೈನಲ್ಲಿ ಛತ್ತೀಸ್‌ಗಢ ಹೈಕೋರ್ಟ್, ಫೋನ್ ಅಥವಾ ಬ್ಯಾಂಕ್ ಖಾತೆಯ ಪಾಸ್‌ವರ್ಡ್ ಕೊಡುವಂತೆ ಗಂಡ ಹೆಂಡತಿಯನ್ನು ಬಲವಂತ ಮಾಡುವಂತಿಲ್ಲ ಎಂದಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಮಾಲೀಕರ ಅನುಮತಿಯಿಲ್ಲದೆ ಸಾಧನದೊಳಗೆ ಹೋಗುವುದು ತಪ್ಪು. ಅದನ್ನು ಅಪ್ರಾಮಾಣಿಕ ಅಥವಾ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಅಡಿ 3 ವರ್ಷದವರೆಗೆ ಜೈಲು, ₹5 ಲಕ್ಷದವರೆಗೆ ದಂಡ ಅಥವಾ ಎರಡೂ. ಮದುವೆಯಾದವರಿಗೆ ಇಲ್ಲಿ ವಿನಾಯಿತಿ ಇಲ್ಲ.

ಪ್ರೀತಿಯಿಂದಲೇ ಪಾಸ್‌ವರ್ಡ್ ಕೊಟ್ಟಿದ್ದರೆ?

ಅದು ಒಪ್ಪಿಗೆಯೇ. ಆದರೆ ಯುಪಿಐ ಬಿಲ್ ಕಟ್ಟಲು ಕೊಟ್ಟ ಪಾಸ್‌ವರ್ಡ್, ಚಾಟ್ ಓದಲು ಕೊಟ್ಟ ಅನುಮತಿ ಅಲ್ಲ. ಒಂದೇ ಒಂದು ಸಲ ಫೋನ್ ಕೈಗೆ ಸಿಕ್ಕರೂ ವಾಟ್ಸಾಪನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿಬಿಡಬಹುದು. ಆಮೇಲೆ ನೀವು ಫೋನಿನ ಪಾಸ್‌ವರ್ಡ್ ಬದಲಿಸಿದರೂ ಆ ಜೋಡಣೆ ತಾನಾಗಿ ಕಡಿಯುವುದಿಲ್ಲ. ವಾಟ್ಸಾಪಿನ Linked devices ಪಟ್ಟಿ ನೋಡಿ. ಗೊತ್ತಿಲ್ಲದ ಸಾಧನ ಕಂಡರೆ ಅದರ ಮೇಲೆ ಒತ್ತಿ, Log out ಕೊಡಿ.

ಅಲ್ಲಿ ಅಂಥದ್ದೊಂದು ಸಾಧನ ಸಿಕ್ಕರೆ, ಮುಂದೆ ಮಾತಾಡಬೇಕಾದ ವಿಷಯ ಪಾಸ್‌ವರ್ಡ್ ಅಲ್ಲ.