‘ವೈರಸ್ ಬಂದಿದೆ’ ಅಂದರೆ ಯಾವ ವೈರಸ್? ಜೀನೋಮ್ ನೋಡಿ ಗುಂಪು ಮಾಡುವುದರಿಂದ ನಮಗೆ ತಿಳಿಯುವುದೇನು

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ ಆಂಧ್ರದ ಗಡಿಗೆ ಹತ್ತಿರದ ಊರು. ಮಾವು ಮತ್ತು ಟೊಮೆಟೊ ಈ ಭಾಗದ ಮುಖ್ಯ ಬೆಳೆಗಳು. ಟೊಮೆಟೊ ಗಿಡ ಕೆಟ್ಟಾಗ ಇಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ‘ವೈರಸ್ ಬಂದಿದೆ’ ಎಂಬುದು. ಆದರೆ ಈ ಒಂದು ಮಾತಿನ ಹಿಂದೆ ಕನಿಷ್ಠ ಎರಡು ಬೇರೆ ಬೇರೆ ರೋಗಗಳಿವೆ.

ಮೊದಲನೆಯದು ಎಲೆ ಮುಟುರು ರೋಗ. ಎಲೆಗಳು ಮುದುಡಿ ಚಿಕ್ಕದಾಗುತ್ತವೆ, ಅಂಚು ಹಳದಿಯಾಗುತ್ತದೆ, ಗಿಡ ಕುಳ್ಳಾಗಿ ಪೊದೆಯಂತೆ ನಿಂತುಬಿಡುತ್ತದೆ. ನಾಟಿ ಮಾಡಿದ ಹೊಸತರಲ್ಲೇ ತಗುಲಿದರೆ ಕಾಯಿ ಸಿಗುವುದು ಕಷ್ಟ. ಇದನ್ನು ಹರಡುವುದು ಬಿಳಿ ನೊಣ. ಎರಡನೆಯದು ಬಡ್ ನೆಕ್ರೋಸಿಸ್, ಅಂದರೆ ಕುಡಿ ಸಾಯುವ ರೋಗ. ಎಳೆಯ ಎಲೆಗಳ ಮೇಲೆ ಕಂಚಿನ ಬಣ್ಣದ ಚುಕ್ಕೆಗಳು ಮೂಡಿ ಕಪ್ಪಾಗುತ್ತವೆ, ಕಾಂಡದ ಮೇಲೆ ಕಂದು ಗೆರೆಗಳು ಬೀಳುತ್ತವೆ, ಕುಡಿ ಸುಟ್ಟಂತೆ ಒಣಗುತ್ತದೆ, ಹಣ್ಣಿನ ಮೇಲೆ ಬಳೆಯಾಕಾರದ ಕಲೆಗಳಾಗುತ್ತವೆ. ಇದನ್ನು ಹರಡುವುದು ಥ್ರಿಪ್ಸ್ ನುಸಿ. ಕಡಲೆಕಾಯಿ ಗಿಡದಲ್ಲಿ ಮೊದಲು ಗುರುತಿಸಿದ್ದರಿಂದ ಇದರ ವೈರಸ್‌ಗೆ ಗ್ರೌಂಡ್‌ನಟ್ ಬಡ್ ನೆಕ್ರೋಸಿಸ್ ವೈರಸ್ ಎಂದು ಹೆಸರು.

ಎರಡೂ ಒಂದೇ ಹೊಲದಲ್ಲಿ, ಒಂದೇ ಬೆಳೆಯಲ್ಲಿ ಬರಬಹುದು. ಆದರೆ ಗಿಡದ ಕೋಶದೊಳಗೆ ಹೊಕ್ಕ ಮೇಲೆ ಎರಡರ ಕೆಲಸದ ದಾರಿ ಪೂರ್ತಿ ಬೇರೆ. ಆ ವ್ಯತ್ಯಾಸದ ಬಹುಭಾಗವನ್ನು ಒಂದೇ ಪ್ರಶ್ನೆಯಿಂದ ಊಹಿಸಬಹುದು: ಈ ವೈರಸ್‌ನ ಜೀನೋಮ್ ಯಾವ ಬಗೆಯದು?

ವೈರಸ್‌ಗೆ ಮೊದಲು ಬೇಕಾದದ್ದು ಏನು?

ವೈರಸ್‌ಗೆ ತನ್ನದೇ ಆದ ಪ್ರೋಟೀನ್ ಕಾರ್ಖಾನೆ ಇಲ್ಲ. ಅದು ಕೋಶದಲ್ಲಿರುವ ರೈಬೋಸೋಮ್‌ಗಳನ್ನೇ ಬಳಸಿಕೊಳ್ಳಬೇಕು. ರೈಬೋಸೋಮ್ ಓದುವುದು ಎಂಆರ್‌ಎನ್‌ಎ ಎಂಬ ಒಂದೇ ಬಗೆಯ ಬರಹವನ್ನು. ಹಾಗಾಗಿ ಯಾವ ವೈರಸ್ಸೇ ಆಗಲಿ, ಹೇಗಾದರೂ ಮಾಡಿ ಎಂಆರ್‌ಎನ್‌ಎ ತಯಾರಿಸಲೇಬೇಕು.

1971ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಬಾಲ್ಟಿಮೋರ್ ಇದನ್ನೇ ಆಧಾರವಾಗಿಟ್ಟುಕೊಂಡು ವೈರಸ್‌ಗಳನ್ನು ಆರು ಗುಂಪು ಮಾಡಿದರು. ಏಳನೆಯದು ಆಮೇಲೆ ಸೇರಿತು. ಗುಂಪುಗಳು ಹೀಗಿವೆ:

1. ಜೋಡಿ ಎಳೆಯ ಡಿಎನ್‌ಎ: ಹರ್ಪಿಸ್, ದನಗಳ ಚರ್ಮಗಂಟು ರೋಗದ ವೈರಸ್
2. ಒಂಟಿ ಎಳೆಯ ಡಿಎನ್‌ಎ: ಟೊಮೆಟೊ ಎಲೆ ಮುಟುರು ವೈರಸ್, ನಾಯಿಗಳ ಪಾರ್ವೊ
3. ಜೋಡಿ ಎಳೆಯ ಆರ್‌ಎನ್‌ಎ: ಮಕ್ಕಳಲ್ಲಿ ಭೇದಿ ತರುವ ರೋಟಾ ವೈರಸ್
4. ಧನ ಎಳೆಯ ಆರ್‌ಎನ್‌ಎ: ಡೆಂಗಿ, ಮಂಗನ ಕಾಯಿಲೆ, ಕೋವಿಡ್
5. ಋಣ ಎಳೆಯ ಆರ್‌ಎನ್‌ಎ: ರೇಬೀಸ್, ದಡಾರ, ಬಡ್ ನೆಕ್ರೋಸಿಸ್ ವೈರಸ್
6. ಡಿಎನ್‌ಎ ಆಗಿ ಬದಲಾಗುವ ಆರ್‌ಎನ್‌ಎ: ಎಚ್‌ಐವಿ
7. ಆರ್‌ಎನ್‌ಎ ಮೂಲಕ ನಕಲಾಗುವ ಡಿಎನ್‌ಎ: ಹೆಪಟೈಟಿಸ್ ಬಿ

ಧನ, ಋಣ ಎಂದರೇನು? ರಬ್ಬರ್ ಸ್ಟಾಂಪನ್ನು ನೆನಪಿಸಿಕೊಳ್ಳಿ. ಸ್ಟಾಂಪಿನ ಮೇಲೆ ಅಕ್ಷರಗಳು ತಿರುಗುಮುರುಗಾಗಿರುತ್ತವೆ, ಹಾಗೆಯೇ ಓದಲು ಬರುವುದಿಲ್ಲ. ಕಾಗದದ ಮೇಲೆ ಒತ್ತಿದಾಗ ಮೂಡುವ ಮುದ್ರೆಯನ್ನು ಓದಬಹುದು. ಧನ ಎಳೆ ಮುದ್ರೆಯಂತೆ. ರೈಬೋಸೋಮ್ ಅದನ್ನು ನೇರವಾಗಿ ಓದುತ್ತದೆ. ಋಣ ಎಳೆ ಸ್ಟಾಂಪಿನಂತೆ. ಅದರಿಂದ ಮೊದಲು ಒಂದು ಮುದ್ರೆ ತೆಗೆಯಬೇಕು.

ಎಲೆ ಮುಟುರು ವೈರಸ್: ಎಲ್ಲವನ್ನೂ ಎರವಲು ಪಡೆಯುವುದು

ಬೆಂಗಳೂರು, ಕೋಲಾರ ಭಾಗದ ಎಲೆ ಮುಟುರು ವೈರಸ್‌ನ ಜೀನೋಮ್ ಉಂಗುರದಂತಿರುವ ಒಂಟಿ ಎಳೆಯ ಡಿಎನ್‌ಎ. ಅದರ ಉದ್ದ ಸುಮಾರು 2,700 ಅಕ್ಷರ, ಅದರಲ್ಲಿರುವುದು ಆರೇ ಜೀನ್. ಇಷ್ಟು ಚಿಕ್ಕ ಜೀನೋಮ್‌ನಲ್ಲಿ ಡಿಎನ್‌ಎ ನಕಲು ಮಾಡುವ ಕಿಣ್ವಕ್ಕೆ ಜಾಗವೇ ಇಲ್ಲ. ಆದರೆ ಅಂಥ ಕಿಣ್ವ ಗಿಡದ ಪ್ರತಿ ಕೋಶದ ನ್ಯೂಕ್ಲಿಯಸ್‌ನಲ್ಲಿ ಸಿಗುತ್ತದೆ. ಆದ್ದರಿಂದ ಈ ವೈರಸ್ ನೇರವಾಗಿ ನ್ಯೂಕ್ಲಿಯಸ್ ಸೇರುತ್ತದೆ. ಅಲ್ಲಿ ಗಿಡದ ಕಿಣ್ವಗಳೇ ಅದರ ಒಂಟಿ ಎಳೆಗೆ ಜೊತೆ ಎಳೆ ಕಟ್ಟಿಕೊಡುತ್ತವೆ, ಅದರಿಂದ ಎಂಆರ್‌ಎನ್‌ಎಯನ್ನೂ ತಯಾರಿಸಿಕೊಡುತ್ತವೆ.

ಇಲ್ಲೊಂದು ತೊಡಕಿದೆ. ಬಲಿತ ಕೋಶಗಳು ವಿಭಜನೆ ನಿಲ್ಲಿಸಿರುತ್ತವೆ, ಹಾಗಾಗಿ ಅವುಗಳಲ್ಲಿ ಡಿಎನ್‌ಎ ನಕಲು ಮಾಡುವ ವ್ಯವಸ್ಥೆ ಮುಚ್ಚಿರುತ್ತದೆ. ವೈರಸ್ ಅದನ್ನು ಮತ್ತೆ ತೆರೆಸಬೇಕು. ಇದಕ್ಕಾಗಿ ‘ರೆಪ್’ ಎಂಬ ಅದರ ಪ್ರೋಟೀನ್, ಕೋಶ ವಿಭಜನೆಗೆ ಬ್ರೇಕ್ ಹಾಕುವ ಗಿಡದ ಒಂದು ಪ್ರೋಟೀನಿಗೆ ಅಂಟಿಕೊಂಡು ಬ್ರೇಕ್ ಸಡಿಲಿಸುತ್ತದೆ. ವೈರಸ್‌ನ ಇನ್ನೊಂದು ಪ್ರೋಟೀನ್ ಎಲೆಯ ಬೆಳವಣಿಗೆಯ ಸಂಕೇತಗಳನ್ನೇ ಗೊಂದಲಕ್ಕೀಡು ಮಾಡುತ್ತದೆ. ಎಲೆ ಒಂದೆಡೆ ಬೆಳೆದು ಇನ್ನೊಂದೆಡೆ ಬೆಳೆಯದೆ ಮುದುಡುವುದರ ಹಿಂದೆ ಇಂಥ ಕಾರಣಗಳಿವೆ. ಈ ರೋಗದಲ್ಲಿ ಎಲೆ ಕೊಳೆಯುವುದಿಲ್ಲ, ಸುಡುವುದಿಲ್ಲ. ಅದರ ಆಕಾರ ಕೆಡುತ್ತದೆ.

ಬಡ್ ನೆಕ್ರೋಸಿಸ್ ವೈರಸ್: ಕಿಣ್ವವನ್ನು ಜೊತೆಗೇ ತರುವುದು

ಈ ವೈರಸ್‌ನ ಜೀನೋಮ್ ಮೂರು ತುಂಡು ಆರ್‌ಎನ್‌ಎ, ಒಟ್ಟು 16,000ಕ್ಕೂ ಹೆಚ್ಚು ಅಕ್ಷರ. ಇದು ಋಣ ಎಳೆಯ ಗುಂಪಿಗೆ ಸೇರಿದ್ದು. ಆದ್ದರಿಂದ ರೈಬೋಸೋಮ್ ಇದನ್ನು ಹಾಗೆಯೇ ಓದಲಾರದು, ಮೊದಲು ಮುದ್ರೆ ತೆಗೆಯಬೇಕು. ಆದರೆ ವೈರಸ್‌ನ ಉದ್ದನೆಯ ಆರ್‌ಎನ್‌ಎ ನೋಡಿಕೊಂಡು ಇನ್ನೊಂದು ಆರ್‌ಎನ್‌ಎ ಬರೆದುಕೊಡುವ ಕೆಲಸಕ್ಕೆ ಕೋಶದ ಕಿಣ್ವಗಳನ್ನು ನಂಬಿ ಕೂರುವಂತಿಲ್ಲ. ಹಾಗಾಗಿ ಈ ಗುಂಪಿನ ವೈರಸ್‌ಗಳು ಆ ಕಿಣ್ವವನ್ನು ತಮ್ಮ ಕಣದೊಳಗೇ ತುಂಬಿಕೊಂಡು ಬರುತ್ತವೆ. ಬಡ್ ನೆಕ್ರೋಸಿಸ್ ವೈರಸ್‌ನ ಮೂರು ತುಂಡುಗಳಲ್ಲಿ ಅತಿ ಉದ್ದದ್ದು, ಅಂದರೆ ಜೀನೋಮ್‌ನ ಸುಮಾರು ಅರ್ಧ ಭಾಗ, ಈ ಒಂದು ಕಿಣ್ವಕ್ಕೇ ಮೀಸಲು.

ಸ್ವಂತ ಕಿಣ್ವ ಇರುವುದರಿಂದ ಇದು ನ್ಯೂಕ್ಲಿಯಸ್‌ಗೆ ಹೋಗಬೇಕಿಲ್ಲ, ಕೋಶದ್ರವದಲ್ಲೇ ನಕಲಾಗುತ್ತದೆ. ಗಿಡದ ಕೋಶ ವಿಭಜನೆಯನ್ನು ಕಾಯಬೇಕಾಗಿಯೂ ಇಲ್ಲ. ಥ್ರಿಪ್ಸ್ ನುಸಿಯ ಮೈಯಲ್ಲೂ ಇದು ನಕಲಾಗುತ್ತದೆ. ನುಸಿ ಮರಿಯಾಗಿದ್ದಾಗ ರೋಗದ ಗಿಡ ತಿಂದು ವೈರಸ್ ಪಡೆದರೆ, ರೆಕ್ಕೆ ಬಂದ ಮೇಲೆ ಬದುಕಿರುವವರೆಗೂ ಹರಡಬಲ್ಲದು.

ಇದು ಗೊತ್ತಾದದ್ದು ಹೇಗೆ?

1956ರಲ್ಲಿ ತಂಬಾಕಿನ ಮೊಸಾಯಿಕ್ ವೈರಸ್‌ನಿಂದ ಪ್ರೋಟೀನ್ ಕವಚ ತೆಗೆದು, ಬರೀ ಆರ್‌ಎನ್‌ಎಯನ್ನು ಎಲೆಗೆ ಉಜ್ಜಿದಾಗಲೂ ರೋಗ ಬಂತು. ಅದು ಧನ ಎಳೆಯ ವೈರಸ್. ಆದರೆ ದನಗಳ ಬಾಯಲ್ಲಿ ಗುಳ್ಳೆ ತರುವ ವೆಸಿಕ್ಯುಲರ್ ಸ್ಟೊಮಟೈಟಿಸ್ ವೈರಸ್‌ನ ಬರೀ ಆರ್‌ಎನ್‌ಎಯಿಂದ ಸೋಂಕು ತಗುಲುತ್ತಿರಲಿಲ್ಲ. ಅದು ಋಣ ಎಳೆಯದು.

1970ರಲ್ಲಿ ಬಾಲ್ಟಿಮೋರ್ ಮತ್ತು ಸಹೋದ್ಯೋಗಿಗಳು ಈ ಎರಡನೇ ವೈರಸ್‌ನ ಕಣಗಳನ್ನು ಡಿಟರ್ಜೆಂಟ್‌ನಿಂದ ಸಡಿಲಗೊಳಿಸಿ, ಆರ್‌ಎನ್‌ಎ ಕಟ್ಟಲು ಬೇಕಾದ ಅಕ್ಷರಗಳನ್ನು ಬೆರೆಸಿದರು. ಅಲ್ಲಿ ಜೀವಂತ ಕೋಶ ಒಂದೂ ಇರಲಿಲ್ಲ. ಆದರೂ ಹೊಸ ಆರ್‌ಎನ್‌ಎ ತಯಾರಾಯಿತು. ಅಂದರೆ ಕಿಣ್ವ ಕಣದೊಳಗೇ ಇತ್ತು. ಅದೇ ವರ್ಷ ಬಾಲ್ಟಿಮೋರ್ ಮತ್ತು ಹೊವಾರ್ಡ್ ಟೆಮಿನ್, ಕ್ಯಾನ್ಸರ್ ತರುವ ಕೆಲವು ಆರ್‌ಎನ್‌ಎ ವೈರಸ್‌ಗಳಲ್ಲಿ ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವವನ್ನು ಪ್ರತ್ಯೇಕವಾಗಿ ಕಂಡುಹಿಡಿದರು. 1975ರ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಇವರಿಬ್ಬರೂ ಇದ್ದರು.

ಇದರಿಂದ ಉಪಯೋಗವೇನು?

ಮೊದಲನೆಯದು ಪರೀಕ್ಷೆ. ಪಿಸಿಆರ್ ಯಂತ್ರದಲ್ಲಿ ನಕಲಾಗುವುದು ಡಿಎನ್‌ಎ ಮಾತ್ರ. ಎಲೆ ಮುಟುರು ವೈರಸ್‌ಗೆ ಎಲೆಯಿಂದ ಡಿಎನ್‌ಎ ತೆಗೆದು ನೇರ ಪಿಸಿಆರ್ ಮಾಡಬಹುದು. ಬಡ್ ನೆಕ್ರೋಸಿಸ್‌ಗಾದರೆ ಮೊದಲು ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಬದಲಿಸಬೇಕು. ಕೋವಿಡ್ ಕಾಲದಲ್ಲಿ ನಾವೆಲ್ಲ ಕೇಳಿದ ‘ಆರ್‌ಟಿ-ಪಿಸಿಆರ್’ನಲ್ಲಿ ‘ಆರ್‌ಟಿ’ ಎಂದರೆ ಈ ಹೆಜ್ಜೆಯೇ. ಈ ಹೆಜ್ಜೆ ಬಿಟ್ಟರೆ ಗಿಡದಲ್ಲಿ ವೈರಸ್ ತುಂಬಿದ್ದರೂ ವರದಿಯಲ್ಲಿ ‘ಇಲ್ಲ’ ಎಂದೇ ಬರುತ್ತದೆ. ಆರ್‌ಎನ್‌ಎ ಬೇಗ ಹಾಳಾಗುವುದರಿಂದ, ಬಿಸಿಲಲ್ಲಿ ಬಾಡಿದ ಎಲೆ ಕಳಿಸಿದರೂ ಹೀಗಾಗಬಹುದು.

ಎರಡನೆಯದು ತಳಿ. ಟೊಮೆಟೊದ ಕಾಡು ಬಂಧುವೊಂದರಿಂದ ಬಂದ ಟಿವೈ-1 ಎಂಬ ಜೀನ್, ಎಲೆ ಮುಟುರು ವೈರಸ್‌ನ ಹತ್ತಿರದ ಸಂಬಂಧಿಯ ಡಿಎನ್‌ಎಗೆ ಮೀಥೈಲ್ ಎಂಬ ರಾಸಾಯನಿಕ ಗುರುತು ಹೆಚ್ಚಾಗಿ ಬೀಳುವಂತೆ ಮಾಡಿ ಅದರ ಬಾಯಿ ಕಟ್ಟುತ್ತದೆ. ಈ ಉಪಾಯ ನಡೆಯಬೇಕಾದರೆ ವೈರಸ್‌ನದು ಡಿಎನ್‌ಎ ಜೀನೋಮ್ ಆಗಿರಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಕ್ರಾಂತಿ, ನಂದಿ, ವೈಭವ್ ಮತ್ತು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುಟುರು ತಡೆಯಲೆಂದು ಬಂದ ತಳಿಗಳು. ‘ವೈರಸ್ ತಡೆಯುವ ತಳಿ’ ಹಾಕಿದರೂ ಕುಡಿ ಸತ್ತರೆ ಬೀಜ ನಕಲಿ ಎಂದು ಕೂಡಲೇ ತೀರ್ಮಾನಿಸಬೇಡಿ. ಬಂದಿರುವುದು ಇನ್ನೊಂದು ವೈರಸ್ ಇರಬಹುದು.

ಮೂರನೆಯದು ಮನುಷ್ಯರ ಔಷಧ. ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಲಕ್ಷಣಗಳಲ್ಲಿ ಒಂದಕ್ಕೊಂದು ಹೋಲುವುದಿಲ್ಲ. ಆದರೆ ಎರಡೂ ನಕಲಾಗಲು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಬೇಕು. ಹಾಗಾಗಿ ಆ ಕಿಣ್ವವನ್ನು ತಡೆಯುವ ಟೆನೊಫೋವಿರ್ ಎರಡಕ್ಕೂ ನಾಟುತ್ತದೆ. ಎರಡೂ ಸೋಂಕಿರುವವರು ಈ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಹೆಪಟೈಟಿಸ್ ಉಲ್ಬಣಿಸಿ ಯಕೃತ್ತಿಗೆ ಅಪಾಯವಾಗಬಹುದು.

ಗುಂಪು ಹೇಳದ ಸಂಗತಿಗಳು

ರೋಗ ಎಷ್ಟು ಉಗ್ರ ಎಂಬುದನ್ನು ಗುಂಪಿನ ಸಂಖ್ಯೆ ಹೇಳುವುದಿಲ್ಲ. ಸಾಮಾನ್ಯ ನೆಗಡಿ ತರುವ ರೈನೊ ವೈರಸ್ ಮತ್ತು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಎರಡೂ ನಾಲ್ಕನೇ ಗುಂಪಿನವೇ. ಯಾವ ಕೀಟ ಹರಡುತ್ತದೆ ಎಂದೂ ಅದು ಹೇಳದು: ಡೆಂಗಿ ಮತ್ತು ಮಂಗನ ಕಾಯಿಲೆ ಹತ್ತಿರದ ಬಂಧುಗಳು, ಆದರೂ ಒಂದನ್ನು ಸೊಳ್ಳೆ, ಇನ್ನೊಂದನ್ನು ಉಣ್ಣೆ ಹರಡುತ್ತದೆ. ಬಡ್ ನೆಕ್ರೋಸಿಸ್‌ನಲ್ಲಿ ಕುಡಿ ಏಕೆ ಸಾಯುತ್ತದೆ ಎಂಬುದಕ್ಕೂ ಜೀನೋಮ್ ಬಗೆಯೊಂದೇ ಉತ್ತರವಲ್ಲ. ಅದರಲ್ಲಿ ಗಿಡದ ಪ್ರತಿಕ್ರಿಯೆಯ ಪಾಲೂ ಇದೆ.

ಡಿಎನ್‌ಎ ವೈರಸ್‌ಗಳೆಲ್ಲ ನ್ಯೂಕ್ಲಿಯಸ್‌ಗೆ ಹೋಗುತ್ತವೆ ಎಂಬ ಊಹೆಯೂ ಎಲ್ಲ ಕಡೆ ನಿಲ್ಲದು. ಚರ್ಮಗಂಟು ರೋಗದ ವೈರಸ್ ಡಿಎನ್‌ಎಯದ್ದೇ ಆದರೂ ಕೋಶದ್ರವದಲ್ಲೇ ಉಳಿಯುತ್ತದೆ. ಆದರೆ ನ್ಯೂಕ್ಲಿಯಸ್‌ನ ಕಿಣ್ವಗಳು ಸಿಗದ ಕಾರಣ, ಅದೂ ತನ್ನ ಕಿಣ್ವವನ್ನು ಕಣದೊಳಗೆ ಹೊತ್ತು ತರುತ್ತದೆ. ಕೋಶದಲ್ಲಿ ಸಿಗದ್ದನ್ನು ವೈರಸ್ ತಾನೇ ತರಬೇಕು ಎಂಬ ಮೂಲ ತರ್ಕ ಇಲ್ಲೂ ಬದಲಾಗಿಲ್ಲ.

ಒಂದು ಮಾತು ಮಾತ್ರ ಎರಡೂ ಟೊಮೆಟೊ ವೈರಸ್‌ಗಳಿಗೆ ಅನ್ವಯಿಸುತ್ತದೆ. ಸೋಂಕು ತಗುಲಿದ ಗಿಡವನ್ನು ಗುಣಪಡಿಸುವ ಸಿಂಪಡಣೆ ಇಲ್ಲ. ‘ವೈರಸ್ ಔಷಧ’ ಎಂದು ಮಾರುವ ಬಾಟಲಿಗೆ ಹಣ ಸುರಿಯುವ ಬದಲು, ಸಸಿಗಳನ್ನು ಸಣ್ಣ ಕಣ್ಣಿನ ಬಲೆಯೊಳಗೆ ಬೆಳೆಸುವುದು, ರೋಗದ ಗಿಡವನ್ನು ಬೇಗ ಕಿತ್ತುಹಾಕುವುದು ಮತ್ತು ಯಾವ ವೈರಸ್ ಎಂದು ತಿಳಿದು ಮುಂದಿನ ಬೆಳೆಗೆ ತಳಿ ಆರಿಸುವುದು ಲಾಭದ ದಾರಿ.