ಮಸೂದೆ ಕಾನೂನಾಗೋದು ಹೇಗೆ? ಅಂಗಡಿ ಬೋರ್ಡಿಗೆ ಶೇ 60 ಕನ್ನಡ ಬಂದ ದಾರಿ ನೋಡಿ

ಹಾಸನ: "ಕ್ಯಾಬಿನೆಟ್‌ನಲ್ಲಿ ಪಾಸಾಯ್ತಂತೆ, ಇನ್ನು ಕಾನೂನು ಬಂದಂಗೇ" ಅನ್ನೋ ಮಾತು ಬಿ.ಎಂ. ರಸ್ತೆಯ ಅಂಗಡಿಯಿಂದ ಹಿಡಿದು ಅರಕಲಗೂಡಿನ ಸಂತೆವರೆಗೂ ಕೇಳಿಬರುತ್ತೆ. ಆದರೆ ಸಚಿವ ಸಂಪುಟದ ಒಪ್ಪಿಗೆಗೂ ಕಾನೂನಿಗೂ ನಡುವೆ ಇನ್ನೂ ನಾಲ್ಕು ಬಾಗಿಲು ದಾಟಬೇಕು. ವಿಧಾನಸಭೆ, ವಿಧಾನ ಪರಿಷತ್, ರಾಜ್ಯಪಾಲರು, ರಾಜ್ಯಪತ್ರ. ಯಾವ ಬಾಗಿಲಲ್ಲಿ ಬೇಕಾದರೂ ಮಸೂದೆ ನಿಂತುಹೋಗಬಹುದು.

2024ರ ಜುಲೈನಲ್ಲಿ ಆಗಿದ್ದೇ ಇದು. ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಕಾನೂನೇ ಆಗಿಹೋಯ್ತು ಅನ್ನೋ ಹಾಗೆ ಸುದ್ದಿ ಹರಿದಾಡಿತು. ಉದ್ಯಮಿಗಳ ವಿರೋಧ ಬಂತು, ಎರಡು ಮೂರು ದಿನದೊಳಗೆ ಸರ್ಕಾರ ಅದನ್ನು ತಡೆಹಿಡಿಯಿತು. ಸದನದ ಮೆಟ್ಟಿಲನ್ನೇ ಅದು ಹತ್ತಲಿಲ್ಲ.

ಪೂರ್ತಿ ದಾರಿ ನಡೆದ ಮಸೂದೆ ಯಾವುದು ಅಂದರೆ, ಎಲ್ಲ ಅಂಗಡಿಯವರಿಗೂ ಗೊತ್ತಿರುವ ನಾಮಫಲಕದ್ದು.

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯಲ್ಲಿ ಬೋರ್ಡಿನ ಬಗ್ಗೆ ಒಂದು ಉಪಸೆಕ್ಷನ್ ಇತ್ತು, 17(6). 2023ರ ಡಿಸೆಂಬರ್ 27ರಂದು ಬೆಂಗಳೂರಲ್ಲಿ ಕನ್ನಡ ಸಂಘಟನೆಯವರು ಇಂಗ್ಲಿಷ್ ಬೋರ್ಡುಗಳ ವಿರುದ್ಧ ದೊಡ್ಡ ಹೋರಾಟ ಮಾಡಿದರು. ಆಮೇಲೆ ಸರ್ಕಾರ ಶೇ 60ರಷ್ಟು ಕನ್ನಡ ಇರಬೇಕು ಅಂತ ತೀರ್ಮಾನ ಮಾಡಿತು. ಆದರೆ ಕಾಯ್ದೆಯಲ್ಲಿ ಬರೆದಿರುವ ಅಳತೆಯನ್ನು ಮುಖ್ಯಮಂತ್ರಿಯ ಮಾತಾಗಲಿ, ಅಧಿಕಾರಿಯ ಸುತ್ತೋಲೆಯಾಗಲಿ ಬದಲಾಯಿಸೋಕೆ ಆಗಲ್ಲ. ಸದನ ಮಾಡಿದ್ದನ್ನು ಸದನವೇ ತಿದ್ದಬೇಕು.

ಸರ್ಕಾರಕ್ಕೆ ಅವಸರ ಇತ್ತು, ಹಾಗಾಗಿ ಮೊದಲು ಅಡ್ಡದಾರಿ ಹಿಡಿಯಿತು. ಅಧಿವೇಶನ ಇಲ್ಲದ ಹೊತ್ತಲ್ಲಿ ರಾಜ್ಯಪಾಲರ ಸಹಿಯಿಂದ ಸುಗ್ರೀವಾಜ್ಞೆ ತರೋಕೆ ಸಂವಿಧಾನದಲ್ಲಿ ಅವಕಾಶ ಇದೆ. ಅದು ತಾತ್ಕಾಲಿಕ. ಮತ್ತೆ ಸದನ ಸೇರಿದ ಮೇಲೆ ಆರು ವಾರದೊಳಗೆ ಮಸೂದೆಯಾಗಿ ಪಾಸಾಗದಿದ್ದರೆ ಬಿದ್ದುಹೋಗುತ್ತೆ. 2024ರ ಜನವರಿ 5ರಂದು ಸಂಪುಟ ಸುಗ್ರೀವಾಜ್ಞೆಗೆ ಒಪ್ಪಿಗೆ ಕೊಟ್ಟು ರಾಜಭವನಕ್ಕೆ ಕಳಿಸಿತು. ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ತಿಂಗಳ ಕೊನೆಗೆ ವಾಪಸು ಕಳಿಸಿದರು. ಫೆಬ್ರುವರಿಯಲ್ಲಿ ಅಧಿವೇಶನ ಇದೆ, ಸದನದಲ್ಲೇ ತನ್ನಿ ಅನ್ನೋದು ಅವರ ನಿಲುವು. ರಾಜಕೀಯವಾಗಿ ಜಗಳ ಆಯ್ತು. ಆದರೆ ಸದನ ಸೇರೋಕೆ ಎರಡು ವಾರವೂ ಇಲ್ಲದಾಗ ಆ ಮಾತನ್ನು ತೆಗೆದುಹಾಕೋಕೆ ಆಗಲ್ಲ.

ಫೆಬ್ರುವರಿ 12ಕ್ಕೆ ಅಧಿವೇಶನ ಶುರುವಾಯಿತು. ಮಾರನೇ ದಿನವೇ ತಿದ್ದುಪಡಿ ಮಸೂದೆ ವಿಧಾನಸಭೆಯಲ್ಲಿ ಮಂಡನೆ ಆಯ್ತು. ಮಂಡನೆ ಅಂದರೆ ಪಾಸಾಗೋದಲ್ಲ. ಸದಸ್ಯರ ಕೈಗೆ ಅಚ್ಚಾದ ಪ್ರತಿ ಸಿಗುತ್ತೆ, ಯಾಕೆ ತರ್ತಿದ್ದೀವಿ ಅನ್ನೋ 'ಉದ್ದೇಶ ಮತ್ತು ಕಾರಣಗಳ ಹೇಳಿಕೆ' ಅದರಲ್ಲೇ ಇರುತ್ತೆ. ಸಾಮಾನ್ಯ ಓದುಗರಿಗೆ ಅರ್ಥವಾಗೋದು ಆ ಅರ್ಧ ಪುಟವೇ, ಮೊದಲು ಅದನ್ನೇ ಓದಬೇಕು.

ಮುಂದಿನ ಹಂತ ಪರ್ಯಾಲೋಚನೆ. ಶಾಸಕರು ಮಾತಾಡೋದು, ತಿದ್ದುಪಡಿ ಸೂಚಿಸೋದು ಇಲ್ಲೇ. ಆಮೇಲೆ ಸ್ಪೀಕರ್ ಒಂದೊಂದೇ ಖಂಡವನ್ನು ಮತಕ್ಕೆ ಹಾಕಿ, ಕೊನೆಗೆ ಇಡೀ ಮಸೂದೆಯನ್ನು ಹಾಕುತ್ತಾರೆ. "ಹೌದು" ಅನ್ನೋರ ದನಿ ಜಾಸ್ತಿ ಕೇಳಿದರೆ ಧ್ವನಿಮತದಿಂದ ಅಂಗೀಕಾರ. ಯಾರಾದರೂ ಒಪ್ಪದೆ ಮತ ಎಣಿಸಿ ಅಂತ ಪಟ್ಟು ಹಿಡಿದರೆ ತಲೆ ಎಣಿಕೆ. ಸದನ ಬಯಸಿದರೆ ಮಸೂದೆಯನ್ನು ಸಮಿತಿಗೂ ಒಪ್ಪಿಸಬಹುದು. ನಾಮಫಲಕದ ಮಸೂದೆಗೆ ಅದೇನೂ ಬೇಕಾಗಲಿಲ್ಲ, ಫೆಬ್ರುವರಿ 15ರಂದೇ ವಿಧಾನಸಭೆ ಅಂಗೀಕರಿಸಿತು. ಕನ್ನಡಕ್ಕೆ ಬೇಡ ಅನ್ನೋರು ಯಾರು!

ಈ ಹಂತದಲ್ಲಿ ಮಾತಾಡಬೇಕಾದವರು ನಮ್ಮ ಜಿಲ್ಲೆಯ ಏಳು ಶಾಸಕರು. ಹಾಸನ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕಿನವರಿಗೆ ತಮ್ಮ ಹೆಸರಿನದೇ ಕ್ಷೇತ್ರ ಇದೆ. ಚನ್ನರಾಯಪಟ್ಟಣದವರು ಮಾತ್ರ ಪಟ್ಟಿಯಲ್ಲಿ ಶ್ರವಣಬೆಳಗೊಳ ಅಂತ ಹುಡುಕಬೇಕು.

ವಿಧಾನಸಭೆ ದಾಟಿದ ಮಸೂದೆ 75 ಸದಸ್ಯರ ವಿಧಾನ ಪರಿಷತ್ತಿಗೆ ಹೋಗುತ್ತೆ. ಮತ್ತೆ ಮಂಡನೆ, ಚರ್ಚೆ, ಮತ. ಬಹಳ ಜನ ಇದನ್ನು ಬರೀ ಶಾಸ್ತ್ರ ಅಂದುಕೊಂಡಿದ್ದಾರೆ. ಅಲ್ಲ ಅನ್ನೋದಕ್ಕೆ ಅದೇ ತಿಂಗಳು, ಅದೇ ಸರ್ಕಾರದ ಇನ್ನೊಂದು ಮಸೂದೆ ಸಾಕ್ಷಿ.

ಅದು ಮುಜರಾಯಿ ತಿದ್ದುಪಡಿ ಮಸೂದೆ. ವರ್ಷಕ್ಕೆ 1 ಕೋಟಿಗಿಂತ ಹೆಚ್ಚು ಆದಾಯದ ದೇವಸ್ಥಾನ ಶೇ 10, 10 ಲಕ್ಷದಿಂದ 1 ಕೋಟಿವರೆಗಿನವು ಶೇ 5 ಸಾಮಾನ್ಯ ನಿಧಿಗೆ ಕೊಡಬೇಕು, ಅದರಿಂದ ಸಣ್ಣ ದೇವಸ್ಥಾನಗಳಿಗೆ ಸಹಾಯ ಅನ್ನೋದು ಸಾರಾಂಶ. ಹಾಸನಾಂಬೆ ಊರಿನವರಿಗೆ ಈ ಲೆಕ್ಕ ಯಾಕೆ ಮುಖ್ಯ ಅಂತ ಬಿಡಿಸಿ ಹೇಳಬೇಕಿಲ್ಲ. ವಿಧಾನಸಭೆಯಲ್ಲಿ ಕಾಂಗ್ರೆಸ್‌ಗೆ ಬಹುಮತ ಇತ್ತು, ಫೆಬ್ರುವರಿ 21ರಂದು ಸಲೀಸಾಗಿ ಪಾಸಾಯಿತು. ಪರಿಷತ್ತಿನಲ್ಲಿ ಆಗ ಬಿಜೆಪಿ, ಜೆಡಿಎಸ್ ಸೇರಿದರೆ ಸಂಖ್ಯೆ ಹೆಚ್ಚಿತ್ತು. 23ರಂದು ಧ್ವನಿಮತದಲ್ಲಿ ಮಸೂದೆ ಬಿದ್ದೇಹೋಯಿತು.

ಹಾಗಂತ ಅಲ್ಲಿಗೇ ಮುಗಿಯಲ್ಲ. ಸಂವಿಧಾನದ 197ನೇ ವಿಧಿ ಪ್ರಕಾರ ಪರಿಷತ್ ತಿರಸ್ಕರಿಸಿದರೆ, ಇಲ್ಲವೇ ಮೂರು ತಿಂಗಳು ಇಟ್ಟುಕೊಂಡು ಕೂತರೆ, ವಿಧಾನಸಭೆ ಮತ್ತೆ ಅಂಗೀಕರಿಸಬಹುದು. ಎರಡನೇ ಸಲ ಪರಿಷತ್ತಿಗೆ ಒಂದು ತಿಂಗಳಷ್ಟೇ ಸಮಯ, ಬೇಡ ಅಂದರೂ ತಡೆಯೋಕಾಗಲ್ಲ. ಅಂದರೆ ಮೇಲ್ಮನೆ ತಡ ಮಾಡಬಹುದು, ಸಾಯಿಸೋಕೆ ಆಗಲ್ಲ. ವಿಧಾನಸಭೆ ಅದೇ ತಿಂಗಳ 29ರಂದು ಮತ್ತೆ ಅಂಗೀಕಾರ ಕೊಟ್ಟಿತು. ಮಾರ್ಚ್‌ನಲ್ಲಿ ರಾಜ್ಯಪಾಲರು ವಿವರಣೆ ಕೇಳಿ ವಾಪಸು ಕಳಿಸಿದರು. ಮೂರನೇ ಬಾಗಿಲಲ್ಲಿ ಮತ್ತೆ ತಡೆ.

ರಾಜ್ಯಪಾಲರ ಮುಂದೆ ಇರೋ ದಾರಿಗಳು ಇಷ್ಟೇ: ಅಂಕಿತ ಹಾಕೋದು, ತಡೆಹಿಡಿದು ಮತ್ತೊಮ್ಮೆ ನೋಡಿ ಅಂತ ಸದನಕ್ಕೆ ಕಳಿಸೋದು, ರಾಷ್ಟ್ರಪತಿಗೆ ಕಾಯ್ದಿರಿಸೋದು. ಮರುಪರಿಶೀಲನೆಗೆ ಕಳಿಸಿದ್ದನ್ನು ಎರಡೂ ಸದನ ಮತ್ತೆ ಪಾಸು ಮಾಡಿದರೆ ಅಂಕಿತ ನಿರಾಕರಿಸುವ ಹಾಗಿಲ್ಲ. ನಾಮಫಲಕದ ಮಸೂದೆಗೆ ಇದ್ಯಾವ ತಕರಾರೂ ಬರಲಿಲ್ಲ. ಪರಿಷತ್ತೂ ಒಪ್ಪಿತು, ಫೆಬ್ರುವರಿ ಕೊನೆಯ ವಾರದಲ್ಲಿ ಅಂಕಿತವೂ ಬಿತ್ತು. ಸುಗ್ರೀವಾಜ್ಞೆ ವಾಪಸಾದ ಒಂದು ತಿಂಗಳಿಗೆ ಅದೇ ವಿಷಯ, ಅದೇ ರಾಜ್ಯಪಾಲರ ಸಹಿಯೊಂದಿಗೆ, ಕಾನೂನಾಯಿತು.

ಕೊನೇದು ರಾಜ್ಯಪತ್ರ, ಅಂದರೆ ಗೆಜೆಟ್. ಅಲ್ಲಿ ಅಚ್ಚಾಗುವಾಗ 'ಮಸೂದೆ' ಅನ್ನೋ ಪದ ಹೋಗಿ 'ಅಧಿನಿಯಮ' ಆಗುತ್ತೆ, '2024ರ ಕರ್ನಾಟಕ ಅಧಿನಿಯಮ ಸಂಖ್ಯೆ' ಇಷ್ಟು ಅಂತ ನಂಬರ್ ಬೀಳುತ್ತೆ. ಆದರೂ ಒಂದನೇ ಸೆಕ್ಷನ್ ನೋಡಲೇಬೇಕು, ಯಾವತ್ತಿನಿಂದ ಜಾರಿ ಅಂತ ಅಲ್ಲಿ ಬರೆದಿರುತ್ತೆ. 'ಸರ್ಕಾರ ಅಧಿಸೂಚಿಸುವ ದಿನಾಂಕದಿಂದ' ಅಂತ ಇದ್ದರೆ, ಆ ಅಧಿಸೂಚನೆ ಬರೋವರೆಗೆ ಕಾಯ್ದೆ ಇದ್ದೂ ಇಲ್ಲದ ಹಾಗೆ.

ಹೊಳೆನರಸೀಪುರದಲ್ಲೋ ಚನ್ನರಾಯಪಟ್ಟಣದಲ್ಲೋ ಯಾರಾದರೂ ಅಂಗಡಿಗೆ ಬಂದು "ಹೊಸ ಕಾನೂನು ಬಂದಿದೆ, ದಂಡ ಕಟ್ಟಿ" ಅಂದರೆ ಅಧಿನಿಯಮದ ನಂಬರ್, ಜಾರಿಯಾದ ದಿನಾಂಕ, ಯಾವ ಸೆಕ್ಷನ್ ಅನ್ನೋ ಮೂರನ್ನೂ ಕೇಳಬಹುದು. ರಾಜ್ಯದ ಕಾಯ್ದೆಗಳ ಪಠ್ಯ ಸಂಸದೀಯ ವ್ಯವಹಾರ ಮತ್ತು ಶಾಸನ ರಚನೆ ಇಲಾಖೆಯ dpal.karnataka.gov.in ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತೆ. ಬೋರ್ಡ್ ಬರೆಸುವವರು ಮಾತ್ರ ಒಂದು ನೆನಪಿಡಬೇಕು: ಶೇ 60 ಕನ್ನಡ ಇದ್ದರೆ ಸಾಲದು, ಅದು ಫಲಕದ ಮೇಲ್ಭಾಗದಲ್ಲೇ ಇರಬೇಕು.