ಬೀದರಿನ ಫಲಕಗಳು ಮತ್ತು ರಷ್ಯನ್ ಭಾಷೆ

ಪ್ರಾಚೀನ ಸ್ಥಳಗಳಲ್ಲಿ ಪರದೇಶದ ಯಾತ್ರಿಕರಿಗಾಗಿ ಅವರ ಭಾಷೆಯಲ್ಲಿ ಫಲಕಗಳನ್ನು ಬರೆಸುವುದು ಕೇವಲ ಸೌಕರ್ಯದ ಮಾತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಬೀದರಿನ ವಿಷಯದಲ್ಲಿ ರಷ್ಯನ್ ಭಾಷೆಯ ಪ್ರಶ್ನೆ ಬೇರೆ ಬಗೆಯದು. ಇಂಗ್ಲಿಷರು ದಖ್ಖನಿಗೆ ಬರುವುದಕ್ಕೆ ಒಂದು ಶತಮಾನಕ್ಕೂ ಹೆಚ್ಚು ಮುಂಚೆಯೇ ಈ ನಗರದ ಹೆಸರು ರಷ್ಯನ್ ಬರಹದಲ್ಲಿ ದಾಖಲಾಗಿತ್ತು. ಭಂಕೂರ, ಶಹಾಬಾದ್, ಚಿತ್ತಾಪುರಗಳ ಕಡೆಯಿಂದ ಉತ್ತರಕ್ಕೆ ಹೊರಟು ಬೀದರನ್ನು ನೋಡುವ ನಮ್ಮ ವಿದ್ಯಾರ್ಥಿಗಳು ಈ ಸಂಗತಿಯನ್ನು ಅರಿತಿರುವುದು ಯುಕ್ತ.

ತ್ವೇರ್ ನಗರದ ವರ್ತಕನಾದ ಅಫನಾಸಿ ನಿಕಿತಿನ್ ಒಂದು ಕುದುರೆಯೊಡನೆ ಪಶ್ಚಿಮ ಕರಾವಳಿಯ ಚೌಲದಲ್ಲಿ ಇಳಿದು, ಜುನ್ನರದ ಮಾರ್ಗವಾಗಿ ಬಹಮನಿ ಸುಲ್ತಾನರ ರಾಜಧಾನಿಯಾದ ಬೀದರಿಗೆ ಬಂದನು. ಆ ಕುದುರೆಯನ್ನು ಕ್ರಿಸ್ತಜಯಂತಿಯ ಕಾಲದಲ್ಲಿ ಅಲ್ಲಿಯೇ ಮಾರಿದನು. ಅವನು ಬರೆದಿಟ್ಟ ‘ಮೂರು ಸಮುದ್ರಗಳಾಚೆಯ ಯಾತ್ರೆ’ಯಲ್ಲಿ ಬೀದರು ‘ಬೆದೆರ್’ ಆಗಿದೆ, ಕಲಬುರಗಿ ‘ಕೆಲ್ಬೆರ್ಗ್’ ಆಗಿದೆ. ಮಹಮೂದ್ ಗವಾನನ ‘ಮಲಿಕ್-ಉತ್-ತುಜ್ಜಾರ್’ ಎಂಬ ಬಿರುದು ‘ಮೆಲಿಕ್-ತುಚಾರ್’ ಆಗಿದೆ. ಅವನು ಕಿವಿಯಿಂದ ಕೇಳಿದ್ದನ್ನು ತನ್ನ ಲಿಪಿಯಲ್ಲಿ ನೇರವಾಗಿ ಬರೆದುಕೊಂಡನು. ನಡುವೆ ಮೂರನೆಯ ಭಾಷೆಯ ಬರಹವೊಂದು ಇರಲಿಲ್ಲ. ಇಂದಿನ ಭಾಷಾಂತರಕಾರನಾದರೋ ಬಹುಮಟ್ಟಿಗೆ ಇಂಗ್ಲಿಷ್ ಫಲಕವನ್ನು ಮುಂದಿಟ್ಟುಕೊಂಡು ರಷ್ಯನ್ನಿಗೆ ತಿರುಗಿಸುತ್ತಾನೆ. ದೋಷಗಳು ಹುಟ್ಟುವುದು ಇಲ್ಲಿಯೇ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಹೆಸರುಗಳನ್ನು ನೋಡೋಣ. ರಷ್ಯನ್ ಲಿಪಿಯಲ್ಲಿ ನಮ್ಮ ಹಕಾರಕ್ಕೆ ಸರಿಯಾದ ಅಕ್ಷರವಿಲ್ಲ. ಗಂಟಲಿನಿಂದ ಉಜ್ಜಿ ಬರುವ ಖಕಾರದಂಥ ಅಕ್ಷರದಿಂದ ಇಂದು ಅದನ್ನು ಸೂಚಿಸುತ್ತಾರೆ. ಹಿಂದೆ ಅನೇಕ ಪರದೇಶೀ ಹೆಸರುಗಳಲ್ಲಿ ಗಕಾರವನ್ನು ಬಳಸುತ್ತಿದ್ದರು. ಒಂದೇ ಕೋಟೆಯ ಒಂದು ಫಲಕದಲ್ಲಿ ಒಂದು ರೂಢಿಯೂ ಮತ್ತೊಂದರಲ್ಲಿ ಇನ್ನೊಂದು ರೂಢಿಯೂ ಇದ್ದರೆ, ಒಬ್ಬನೇ ಮಹಮೂದನು ಓದುಗನಿಗೆ ಇಬ್ಬರಾಗಿ ತೋರುವನು. ‘ಖ್ವಾಜಾ’ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಿಂದ ಒಂದೊಂದಾಗಿ ಎತ್ತಿ ಬರೆದರೆ ಪಾರಸಿಯಲ್ಲಿ ಉಚ್ಚಾರವಾಗದ ವಕಾರವೂ ಸೇರಿಕೊಳ್ಳುತ್ತದೆ. ರಷ್ಯನ್ನಿನಲ್ಲಿ ಈ ಪದ ‘ಖೊಜಾ’ ಎಂದು ಬಹುಕಾಲದಿಂದ ನೆಲೆಯಾಗಿದೆ. ನಿಕಿತಿನನೇ ಇಲ್ಲಿ ‘ಖೋಜಾ ಇಸುಫ್ ಖೊರೊಸಾನಿ’ ಎಂಬ ಹೆಸರನ್ನು ತಳೆದಿದ್ದನು.

ಹಾಗೆಂದು ನಿಕಿತಿನನ ರೂಪಗಳನ್ನೇ ಫಲಕದ ತಲೆಬರಹವಾಗಿ ಬಳಸುವುದೂ ಉಚಿತವಲ್ಲ. ಯಾತ್ರಿಕನು ಅವುಗಳನ್ನು ಇಂದಿನ ಭೂಪಟದಲ್ಲಿ ಕಾಣಲಾರನು. ತಲೆಬರಹದಲ್ಲಿ ಇಂದಿನ ರೂಪವಿದ್ದು, ವಿವರಣೆಯಲ್ಲಿ ಒಮ್ಮೆ ಹಳೆಯ ರೂಪ ಬಂದರೆ ಸಾಕು. ಆಳಂದವು ಇದಕ್ಕೆ ಉತ್ತಮ ನಿದರ್ಶನ. ಷೇಖ್ ಅಲಾಉದ್ದೀನರ ಸ್ಮರಣೆಯಲ್ಲಿ ವರ್ಷಕ್ಕೊಮ್ಮೆ ಹತ್ತು ದಿನಗಳ ಸಂತೆ ನೆರೆಯುವ ‘ಅಲ್ಯಾದಿನಂದ್’ ಎಂಬ ಊರನ್ನೂ, ಅಲ್ಲಿ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಮಾರಾಟಕ್ಕೆ ಬರುವುದನ್ನೂ ನಿಕಿತಿನ್ ಹೇಳುತ್ತಾನೆ. ಬೀದರಿನಿಂದ ಅದರ ದೂರ 12 ‘ಕೋವ್’. ಒಂದು ಕೋವ್ ಎಂದರೆ ಹತ್ತು ವೆರ್ಸ್ತ್ ಎಂಬುದು ಅವನದೇ ಲೆಕ್ಕ. ವೆರ್ಸ್ತ್ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚಿನ ಅಳತೆಯಾದುದರಿಂದ ಇದು ಸುಮಾರು 128 ಕಿಲೋಮೀಟರಾಗುತ್ತದೆ. ಬೀದರಿನಿಂದ ಆಳಂದಕ್ಕೆ ನೇರ ಗೆರೆ ಎಳೆದರೆ ಸುಮಾರು 110 ಕಿಲೋಮೀಟರ್. ಬಳಸಿ ಹೋಗುವ ದಾರಿಗೆ ಅವನ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಆದರೆ ‘ಕೋವ್’ ಎಂಬುದನ್ನು ಕ್ರೋಶವೆಂದು ತಿಳಿದು ಎರಡೇ ಮೈಲಿಯೆಂದು ಫಲಕದಲ್ಲಿ ಬರೆದರೆ ಆಳಂದವು ಬೀದರಿನ ಬಾಗಿಲಿಗೇ ಬಂದು ನಿಲ್ಲುವುದು. ಅದು ನಮ್ಮ ಗಾವುದಕ್ಕೆ ಸಮೀಪದ ಮಾನ.

ಎರಡನೆಯದು ವಸ್ತುವಾಚಕ ಪದಗಳ ವಿಚಾರ. ಕೋಟೆಯ ಮದ್ದಿನಮನೆಯನ್ನು ಇಂಗ್ಲಿಷಿನಲ್ಲಿ ‘ಮ್ಯಾಗಜೀನ್’ ಎನ್ನುತ್ತಾರೆ. ಅದನ್ನೇ ಕಿವಿಯ ಸಾಮ್ಯದಿಂದ ರಷ್ಯನ್ನಿಗೆ ತಂದರೆ ‘ಮಗಝೀನ್’ ಆಗುತ್ತದೆ. ಆ ಭಾಷೆಯಲ್ಲಿ ಅದರ ನಿತ್ಯದ ಅರ್ಥ ಅಂಗಡಿ. ಫಲಕವನ್ನು ಓದಿದವನು ಅಲ್ಲಿ ಏನಾದರೂ ಕೊಳ್ಳಲು ಸಿಕ್ಕೀತೆಂದು ಒಳಹೊಕ್ಕರೆ ತಪ್ಪು ಅವನದಲ್ಲ. ಸರಿಯಾದ ಪದ ‘ಪೊರೊಖೊವೊಯ್ ಪೊಗ್ರೆಬ್’, ಅಂದರೆ ಮದ್ದಿನ ನೆಲಮಾಳಿಗೆ. ಅಷ್ಟೂರಿನ ಸುಲ್ತಾನರ ಗುಮ್ಮಟಗಳಿಗೆ ‘ಮೊಗೀಲ’ ಎಂದು ಬರೆದರೆ ಅದು ಮಣ್ಣಿನ ಗೋರಿಯಾಗುತ್ತದೆ. ಕಟ್ಟಡವನ್ನು ಸೂಚಿಸಲು ‘ಮವ್ಝೊಲೇಯ್’ ಎನ್ನಬೇಕು. ಸಂಖ್ಯೆಗಳಲ್ಲಿಯೂ ಎಚ್ಚರ ಅಗತ್ಯ. ಕೋಟೆಯೊಳಗಿನ ಸೋಲಾ ಖಂಬಾ ಮಸೀದಿಯ ಹದಿನಾರು ಕಂಬಗಳನ್ನು ಹೇಳುವಾಗ, ರಷ್ಯನ್ನಿನಲ್ಲಿ ಆ ಸಂಖ್ಯೆಯ ಮುಂದೆ ನಾಮಪದವು ಷಷ್ಠೀ ವಿಭಕ್ತಿಯ ಬಹುವಚನದಲ್ಲಿ ಬರಬೇಕು. ನಿಘಂಟಿನ ರೂಪವನ್ನೇ ಇಟ್ಟರೆ ಫಲಕವು ಮಗುವಿನ ತೊದಲಿನಂತಾಗುವುದು.

ಈಗ ಒಂದು ಫಲಕವನ್ನು ಆದ್ಯಂತ ಪರಿಶೀಲಿಸೋಣ. ಮಹಮೂದ್ ಗವಾನನ ಮದರಸವು 1472ರಲ್ಲಿ ಪೂರ್ಣಗೊಂಡಿತು. ಮೂರು ಅಂತಸ್ತಿನ ಈ ಕಟ್ಟಡ ಸುಮಾರು 205 ಅಡಿ ಉದ್ದ, 180 ಅಡಿ ಅಗಲವಿದೆ. ಮುಖಭಾಗದಲ್ಲಿ ಬಣ್ಣದ ಹೆಂಚುಗಳ ಕೆಲಸವಿದೆ. 17ನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಸಂಗ್ರಹಿಸಿದ್ದ ಮದ್ದು ಸಿಡಿದು ಮುಂಭಾಗದ ಬಹುಪಾಲು ನಾಶವಾಯಿತು. ಅಲ್ಲಿನ ಎರಡು ಮಿನಾರುಗಳಲ್ಲಿ ಒಂದು ಮಾತ್ರ ಉಳಿದಿದೆ. ಇದನ್ನು ಇಂಗ್ಲಿಷಿನ ಮೂಲಕ ‘ಕಾಲೇಜು’ ಎಂದು ತಿರುಗಿಸಬೇಕಾಗಿಲ್ಲ. ಸಮರಕಂದ, ಬುಖಾರಗಳ ಪರಿಚಯದಿಂದ ರಷ್ಯನ್ನರಿಗೆ ‘ಮೆದ್ರೆಸೆ’ ಎಂಬ ಪದ ಸುಪರಿಚಿತ. ಆ ಒಂದು ಪದದಿಂದಲೇ ಈ ಕಟ್ಟಡದ ಬಂಧುತ್ವ ಓದುಗನಿಗೆ ಹೊಳೆಯುತ್ತದೆ. ಅಡಿಗಳನ್ನು ಮೀಟರಿಗೆ ತಿರುಗಿಸಿ 62 ಮತ್ತು 55 ಎಂದು ಬರೆಯಬೇಕು.

ಇಲ್ಲಿ ಒಂದು ಪ್ರಲೋಭನೆಯುಂಟು: ‘ನಿಕಿತಿನ್ ಕಂಡ ಮದರಸ’ ಎಂದು ಸೇರಿಸಿಬಿಡುವುದು. ನಿಕಿತಿನನು ಭಾರತದಲ್ಲಿದ್ದ ಕಾಲವನ್ನು 1469ರಿಂದ 1472 ಎಂದು ಹಿಂದಿನ ವಿದ್ವಾಂಸರು ಎಣಿಸಿದ್ದರು. ಅನಂತರ ಸೆಮ್ಯೋನೋವ್ ಅವರು 1471ರಿಂದ 1474 ಎಂದು ವಾದಿಸಿದರು. ಮೊದಲ ಗಣನೆ ಸರಿಯಾದರೆ ಅವನು ಬೀದರಿನಲ್ಲಿದ್ದಾಗ ಕಟ್ಟಡ ಇನ್ನೂ ಮುಗಿದಿರಲಿಲ್ಲ. ಎರಡನೆಯದು ಸರಿಯಾದರೆ ಹೊಸದಾಗಿ ಮುಗಿದಿದ್ದೀತು. ಅವನು ಹೇಳದುದನ್ನು ಫಲಕವು ಅವನ ಬಾಯಿಂದ ಹೇಳಿಸಬಾರದು. ಅವನು ನಿಶ್ಚಯವಾಗಿ ವರ್ಣಿಸಿರುವುದು ಸುಲ್ತಾನನ ಅರಮನೆಯ ಏಳು ಬಾಗಿಲುಗಳನ್ನು. ಪ್ರತಿ ಬಾಗಿಲಲ್ಲಿಯೂ ನೂರು ಕಾವಲುಗಾರರು, ಬಂದುಹೋಗುವವರನ್ನು ಬರೆದಿಡುವ ನೂರು ಲೇಖಕರು. ಅವನ ಹೆಸರು ಬರಬೇಕಾದ ಸ್ಥಳ ಕೋಟೆಯ ಬಾಗಿಲು. ಆ ಲೇಖಕರನ್ನು ಅವನು ‘ಕಾಫರ’ರೆಂದು ಕರೆಯುತ್ತಾನೆ. ಅದು ಅಂದಿನ ಸಂತೆಯ ಭಾಷೆಯಿಂದ ಅವನು ಎತ್ತಿಕೊಂಡ ಪದ. ಇಂದಿನ ಫಲಕದಲ್ಲಿ ‘ಹಿಂದೂ ಲೇಖಕರು’ ಎಂದರೆ ಇತಿಹಾಸದ ಸಂಗತಿ ಉಳಿಯುತ್ತದೆ, ನಿಂದೆಯ ಧ್ವನಿ ಅಳಿಯುತ್ತದೆ.

ಇಂಥ ಬರಹವನ್ನು ಕಲ್ಲಿಗೋ ಲೋಹಕ್ಕೋ ಏರಿಸುವ ಮುನ್ನ ಒಂದು ಸರಳ ಪರೀಕ್ಷೆ ಮಾಡಬಹುದು. ಮೂಲವನ್ನು ನೋಡದ, ರಷ್ಯನ್ ಬಲ್ಲ ಒಬ್ಬರಿಂದ ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ, ಎರಡು ಕನ್ನಡ ಪಾಠಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಬೇಕು. ಮದ್ದಿನಮನೆ ಅಂಗಡಿಯಾಗಿದ್ದರೆ, ಗುಮ್ಮಟ ಮಣ್ಣಿನ ಗೋರಿಯಾಗಿದ್ದರೆ, ಗಾವುದ ಕ್ರೋಶವಾಗಿದ್ದರೆ ಅಲ್ಲಿಯೇ ತಿಳಿದುಬರುತ್ತದೆ. ವಿಭಕ್ತಿಯ ದೋಷಗಳು ಮಾತ್ರ ಈ ಪರೀಕ್ಷೆಗೆ ಸಿಕ್ಕುವುದಿಲ್ಲ, ಏಕೆಂದರೆ ತಿರುಗಿಸುವವರು ಅರ್ಥವನ್ನು ಊಹಿಸಿಕೊಂಡು ಮುಂದೆ ಸಾಗುತ್ತಾರೆ. ಅವುಗಳಿಗೆ ರಷ್ಯನ್ ಮಾತೃಭಾಷೆಯಾಗಿರುವ ಒಬ್ಬ ಓದುಗನೇ ಬೇಕು.